ಚಟ್ನಿ ಪುಡಿಯ ಚೀಟಿಯ ಮೇಲೆ ಏನಿರಬೇಕು, ಏನಿರಬಾರದು

ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಪುಡಿ, ಮಾವಿನ ಉಪ್ಪಿನಕಾಯಿ ಇವು ನಮ್ಮ ಭಾಗದಲ್ಲಿ ಮನೆಯ ಉಪಯೋಗಕ್ಕೆ ಮಾತ್ರ ಸಿದ್ಧವಾಗುತ್ತಿದ್ದ ಕಾಲ ಹಿಂದಾಯಿತು. ಇಂದು ಅನೇಕ ತಾಯಂದಿರು ಇವುಗಳನ್ನು ಮಾರಿ ಮಕ್ಕಳ ಶಾಲೆಯ ವೆಚ್ಚವನ್ನು ತೂಗಿಸುತ್ತಿದ್ದಾರೆ. ಅವರಲ್ಲಿ ಹಲವರು ಚಿಕಿತ್ಸಾಲಯಕ್ಕೆ ಬಂದಾಗ ತಮ್ಮ ಪೊಟ್ಟಣವನ್ನೂ ತಂದು, ಇದರ ಮೇಲೆ ಏನು ಬರೆಸಬೇಕೆಂದು ಕೇಳುವುದುಂಟು. ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಈ ಚಟ್ನಿ ಶುಗರಿಗೆ ಒಳ್ಳೆಯದೆಂದು ಹಾಕಿಸಬಹುದೇ? ಆ ಪ್ರಶ್ನೆಗೆ ಉತ್ತರ ಕೆಳಗೆ ಬರುತ್ತದೆ. ಅದಕ್ಕೂ ಮುಂಚೆ ಆಗಬೇಕಾದ ಕೆಲಸ ನೋಂದಣಿ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು 2006ರದು. ಅದರಡಿಯಲ್ಲಿ ಬಂದ 2011ರ ನಿಯಮಗಳು ಸಣ್ಣ ತಯಾರಕರನ್ನು ದೊಡ್ಡವರಿಂದ ಬೇರ್ಪಡಿಸಿದವು. ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು ಎಂದು ಅವು ಆಗ ಗೊತ್ತುಮಾಡಿದ್ದವು. ಅದಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕವೆಂದು ಆ ನಿಯಮಗಳು ನಿಗದಿಮಾಡಿದವು. ಇಂಥ ಮಿತಿಗಳೂ ಶುಲ್ಕಗಳೂ ಕಾಲಕಾಲಕ್ಕೆ ತಿದ್ದುಪಡಿಯಾಗುವಂಥವು. ಆದ್ದರಿಂದ ಅರ್ಜಿ ಸಲ್ಲಿಸುವ ದಿನ ಸರ್ಕಾರದ ಜಾಲತಾಣದಲ್ಲಿ ಏನಿದೆಯೋ ಅದನ್ನೇ ಪ್ರಮಾಣವೆಂದು ತಿಳಿಯಬೇಕು. ಜಾತ್ರೆಯಲ್ಲಿ ಎರಡು ದಿನ ಮಳಿಗೆ ಹಾಕುವವರು, ತಳ್ಳುಗಾಡಿಯವರು, ಮನೆಯಲ್ಲಿಯೇ ಕುಟ್ಟಿ ಮಾರುವವರು ಎಲ್ಲರೂ ಈ ನೋಂದಣಿಯ ವ್ಯಾಪ್ತಿಗೆ ಬರುತ್ತಾರೆ. "ನಮ್ಮದೇನು ಕಾರ್ಖಾನೆಯೇ?" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಅರ್ಜಿಯನ್ನು foscos.fssai.gov.in ಎಂಬ ಜಾಲತಾಣದಲ್ಲಿ ಸಲ್ಲಿಸಬೇಕು. ನೋಂದಣಿಯ ಅರ್ಜಿಗೆ ಫಾರ್ಮ್ ಎ ಎಂದು ಹೆಸರು. ಭಾವಚಿತ್ರ, ಗುರುತಿನ ಚೀಟಿ, ತಯಾರಿಸುವ ಸ್ಥಳದ ವಿಳಾಸ ಇವು ಮುಖ್ಯವಾಗಿ ಬೇಕಾಗುವವು. ಕಂಪ್ಯೂಟರ್ ಬಾರದವರು ಸಾಮಾನ್ಯ ಸೇವಾ ಕೇಂದ್ರದಲ್ಲಿ ಮಾಡಿಸಿಕೊಳ್ಳಬಹುದು. ಇದಕ್ಕಾಗಿ ಮಧ್ಯವರ್ತಿಗಳಿಗೆ ಸಾವಿರಾರು ರೂಪಾಯಿ ಕೊಟ್ಟವರನ್ನು ನಾನು ಕಂಡಿದ್ದೇನೆ; ಕೊಡುವ ಅಗತ್ಯವಿಲ್ಲ. ನಿಯಮದಂತೆ ಅರ್ಜಿ ತಲುಪಿದ 7 ದಿನಗಳೊಳಗೆ ಅಧಿಕಾರಿಯು ನೋಂದಣಿ ನೀಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ಸ್ಥಳ ಪರಿಶೀಲನೆಗೆ ಬರುವೆನೆಂದು ತಿಳಿಸಬೇಕು. ಪರಿಶೀಲನೆಗೆ ಬಂದವರು ಅಡುಗೆಮನೆಯ ಅಂದವನ್ನು ನೋಡುವುದಿಲ್ಲ. ಕುಡಿಯಲು ಯೋಗ್ಯವಾದ ನೀರು ಇದೆಯೇ, ಬಚ್ಚಲಿನ ನೀರು ಹರಿದುಹೋಗುವುದೇ, ಕಾಳು ಹಿಟ್ಟು ಇಡುವಲ್ಲಿ ಇಲಿ ಹಲ್ಲಿಗಳಿಗೆ ತಡೆಯಿದೆಯೇ, ಸಾಂಕ್ರಾಮಿಕ ರೋಗವುಳ್ಳವರು ಕೆಲಸಕ್ಕೆ ಕೂಡುತ್ತಾರೆಯೇ ಎಂಬುದನ್ನು ನೋಡುತ್ತಾರೆ.

ಕೊನೆಗೆ ದೊರೆಯುವುದು 14 ಅಂಕಿಗಳ ಒಂದು ಸಂಖ್ಯೆ. ನೋಂದಣಿಯಾದರೆ ಅದು 2ರಿಂದ ಆರಂಭವಾಗುತ್ತದೆ, ಲೈಸೆನ್ಸ್ ಆದರೆ 1ರಿಂದ. ಈ ಸಂಖ್ಯೆಯು ವ್ಯಕ್ತಿಗೆ ಎಷ್ಟು ಸೇರಿದ್ದೋ ಅಷ್ಟೇ ಸ್ಥಳಕ್ಕೂ ಸೇರಿದ್ದು. ಸ್ವಸಹಾಯ ಸಂಘಗಳಲ್ಲಿ ಇದು ತಪ್ಪುವುದನ್ನು ಮೇಲಿಂದ ಮೇಲೆ ನೋಡುತ್ತೇನೆ. ಅಧ್ಯಕ್ಷರ ಮನೆಯ ವಿಳಾಸಕ್ಕೆ ಒಂದು ಸಂಖ್ಯೆ ಪಡೆದು, ಹತ್ತು ಸದಸ್ಯೆಯರು ತಂತಮ್ಮ ಮನೆಗಳಲ್ಲಿ ಕುಟ್ಟಿದ ಪುಡಿಗೆಲ್ಲ ಅದೇ ಸಂಖ್ಯೆಯನ್ನು ಮುದ್ರಿಸುತ್ತಾರೆ. ಒಂದು ಪೊಟ್ಟಣದಲ್ಲಿ ದೋಷ ಕಂಡರೆ ಅದು ಯಾವ ಒಲೆಯಿಂದ ಬಂದಿತೆಂದು ಯಾರಿಗೂ ಹೇಳಲಾಗದು. ತಯಾರಿಸುವ ಸ್ಥಳಗಳು ಹತ್ತಿದ್ದರೆ ನೋಂದಣಿಗಳೂ ಹತ್ತು ಇರಬೇಕು. ಅದು ಭಾರವೆನಿಸಿದರೆ ಎಲ್ಲರೂ ಒಂದೇ ಸ್ಥಳದಲ್ಲಿ ಕೂಡಿ ತಯಾರಿಸುವುದು ಲೇಸು.

ಇನ್ನು ಚೀಟಿಯ ವಿಷಯ. ಒಬ್ಬ ತಾಯಿ ತಂದು ತೋರಿಸಿದ ಶೇಂಗಾ ಚಟ್ನಿಯ ಪೊಟ್ಟಣವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ನೋಂದಣಿ ಸಂಖ್ಯೆ ಅವರ ಕೈಸೇರಿತ್ತು. ಚೀಟಿ ಸಂಪೂರ್ಣ ಕನ್ನಡದಲ್ಲಿತ್ತು. ಅದರ ಮೇಲೆ ಇದ್ದುದು ಇಷ್ಟು: ಶುದ್ಧ ಮನೆ ಶೇಂಗಾ ಚಟ್ನಿ, ಬಿ.ಪಿ., ಶುಗರ್ ಇದ್ದವರಿಗೂ ಉತ್ತಮ, ವೈದ್ಯರು ಮೆಚ್ಚಿದ್ದು, 200 ಗ್ರಾಂ, ಬೆಲೆ 90, 3 ತಿಂಗಳೊಳಗೆ ಬಳಸಿ, ಕೆಳಗೊಂದು ಮೊಬೈಲ್ ಸಂಖ್ಯೆ.

"ಡಾಕ್ಟರ್ರೀ, ಇದಕ್ಕ ನಿಮ್ಮ ಹೆಸರೂ ಹಾಕಿಸಿದ್ರ ಛಲೋ ಮಾರತೈತ್ರೀ" ಎಂದರು.

"ಅವ್ವಾ, ನನ್ನ ಹೆಸರು ಬೇಡ. ಮೊದಲ ಇದರೊಳಗ ಏನೇನು ಹಾಕೀರಿ, ತೂಕದ ಸಮೇತ ಹೇಳ್ರಿ" ಎಂದೆ.

ಒಂದು ಸಲಕ್ಕೆ ಅವರು 5 ಕಿಲೋ ತಯಾರಿಸುತ್ತಾರೆ. ಹುರಿದು ಸಿಪ್ಪೆ ತೆಗೆದ ಶೇಂಗಾ 4 ಕಿಲೋ, ಬ್ಯಾಡಗಿ ಮೆಣಸಿನಕಾಯಿಯ ಪುಡಿ 350 ಗ್ರಾಂ, ಉಪ್ಪು 250, ಬೆಳ್ಳುಳ್ಳಿ 230, ಬೆಲ್ಲ 100, ಜೀರಿಗೆ 50, ಕರಿಬೇವು 20. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಹಾಗಾಗಿ ಶೇಂಗಾ ಮೊದಲು, ಕರಿಬೇವು ಕೊನೆಗೆ. ತೂಕ ಮಾಡದೆ ಕೈಯಳತೆಯಲ್ಲಿ ಹಾಕುವವರು ಈ ಪಟ್ಟಿಯನ್ನು ಸರಿಯಾಗಿ ಬರೆಯಲಾರರು. ಆದ್ದರಿಂದ ಚೀಟಿ ಬರೆಸುವ ಮುನ್ನ ಒಂದು ಸಲವಾದರೂ ಎಲ್ಲವನ್ನೂ ತಕ್ಕಡಿಯಲ್ಲಿಟ್ಟು ನೋಡಿ, ಒಂದು ವಹಿಯಲ್ಲಿ ಬರೆದಿಡಬೇಕು. ಮುಂದಿನ ಎಲ್ಲ ಲೆಕ್ಕಗಳಿಗೂ ಆ ವಹಿಯೇ ಆಧಾರ.

2020ರ ಲೇಬಲ್ ನಿಯಮಗಳ ಪ್ರಕಾರ ಚೀಟಿಯ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿಯಾಗಲಿ ದೇವನಾಗರಿ ಲಿಪಿಯ ಹಿಂದಿಯಲ್ಲಿಯಾಗಲಿ ಇರಲೇಬೇಕು; ಜೊತೆಗೆ ಬೇರೆ ಭಾಷೆಯಲ್ಲಿಯೂ ಬರೆಯಬಹುದು. ಕನ್ನಡವೊಂದೇ ಇದ್ದರೆ ನಿಯಮ ಪೂರೈಸಿದಂತಾಗದು ಎಂಬ ಸಂಗತಿ ಬಹುಮಂದಿಗೆ ಗೊತ್ತಿಲ್ಲ. ಹಾಗೆಂದು ಕನ್ನಡವನ್ನು ಬಿಡಬೇಕಾಗಿಲ್ಲ. ಊರಿನ ಅಂಗಡಿಯಲ್ಲಿ ಅದನ್ನು ಕೊಳ್ಳುವ ಅಜ್ಜಿ ಓದುವುದು ಕನ್ನಡವನ್ನೇ. ಎರಡೂ ಇರಲಿ.

ಪದಾರ್ಥಗಳ ಪಟ್ಟಿಯ ಕೆಳಗೆ ಪ್ರತ್ಯೇಕವಾಗಿ ಬರೆಯಬೇಕಾದ ಒಂದು ಸಾಲಿದೆ. ವೈದ್ಯನಾಗಿ ಚೀಟಿಯಲ್ಲಿ ನಾನು ಮೊದಲು ಹುಡುಕುವುದು ಅದನ್ನೇ. ಕೆಲವರ ದೇಹಕ್ಕೆ ಕೆಲವು ಆಹಾರಗಳು ಒಗ್ಗುವುದಿಲ್ಲ. ಶೇಂಗಾದ ಅಲರ್ಜಿ ಇರುವ ಮಗುವಿಗೆ ಅದರ ಸ್ವಲ್ಪ ಪುಡಿಯಿಂದಲೂ ತುಟಿ ಊದಿಕೊಂಡು, ಗಂಟಲು ಬಿಗಿದು, ಉಸಿರಾಟವೇ ಕಷ್ಟವಾಗಬಹುದು. ಅದಕ್ಕಾಗಿ ನಿಯಮವು ಕೆಲವು ಆಹಾರಗಳನ್ನು ಹೆಸರಿಸಿ, ಅವು ಇದ್ದರೆ 'ಇದರಲ್ಲಿ ಇಂಥದು ಇದೆ' ಎಂದು ಬೇರೆಯಾಗಿ ಸಾರಬೇಕೆನ್ನುತ್ತದೆ. ಗೋಧಿ, ಬಾರ್ಲಿ ಮುಂತಾದ ಗ್ಲುಟೆನ್‌ಯುಕ್ತ ಧಾನ್ಯಗಳು, ಹಾಲು, ಶೇಂಗಾ, ಗೋಡಂಬಿ ಬಾದಾಮಿಗಳಂಥ ಬೀಜಗಳು, ಸೋಯಾ ಇವು ನಮ್ಮ ಅಡುಗೆಗೆ ಸಂಬಂಧಿಸಿದವು. ಶೇಂಗಾ ಚಟ್ನಿಯೆಂದು ಹೆಸರಿನಲ್ಲಿಯೇ ಇರುವಾಗ ಮತ್ತೇಕೆ ಎಂದು ಆ ತಾಯಿ ಕೇಳಿದರು. ಇಲ್ಲಿ ಉತ್ತರ ಸುಲಭ. ಆದರೆ ಅದೇ ಮಿಕ್ಸಿಯಲ್ಲಿ ಅವರು ಅಗಸಿ ಹಿಂಡಿಯನ್ನೂ ಪುಡಿಮಾಡುತ್ತಾರೆ. ಅಗಸಿ ಹಿಂಡಿಯ ಹೆಸರಿನಲ್ಲಾಗಲಿ ಪಟ್ಟಿಯಲ್ಲಾಗಲಿ ಶೇಂಗಾ ಇಲ್ಲ, ಮಿಕ್ಸಿಯ ಅಂಚಿನಲ್ಲಿ ಮಾತ್ರ ಇದೆ. ಆ ಪೊಟ್ಟಣದ ಮೇಲೆ 'ಶೇಂಗಾದ ಅಂಶ ಇರಬಹುದು' ಎಂಬ ಮಾತು ಬೇಕಾಗುವುದು ಅದಕ್ಕಾಗಿ.

ಇದಕ್ಕಿಂತಲೂ ಮರೆಯಾಗಿ ಇರುವುದು ಉಪ್ಪಿನಕಾಯಿಯ ಇಂಗು. ನಾವು ಅಂಗಡಿಯಿಂದ ತರುವ ಡಬ್ಬಿಯ ಇಂಗು ಬರಿಯ ಇಂಗಲ್ಲ. ತೀಕ್ಷ್ಣವಾದ ಇಂಗಿಗೆ ಗೋಂದು ಮತ್ತು ಹಿಟ್ಟು ಬೆರೆಸಿ ತಯಾರಿಸಿದ್ದು. ಆ ಹಿಟ್ಟು ಅನೇಕ ಡಬ್ಬಿಗಳಲ್ಲಿ ಗೋಧಿಯದು, ಕೆಲವದರಲ್ಲಿ ಅಕ್ಕಿಯದು. ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದರೆ ತಿಳಿಯುತ್ತದೆ. ಸೀಲಿಯಾಕ್ ಎಂಬ ಕಾಯಿಲೆಯಿರುವವರ ಕರುಳು ಗೋಧಿಯ ಗ್ಲುಟೆನ್ ಅನ್ನು ಎಳ್ಳಷ್ಟೂ ಸಹಿಸದು. ಅಂಥವರು ಚಪಾತಿ ಬಿಟ್ಟು ಜೋಳದ ರೊಟ್ಟಿಗೆ ಬಂದು, ಪಥ್ಯದಲ್ಲಿ ಲೋಪವಿಲ್ಲದಿದ್ದರೂ ಭೇದಿ ನಿಲ್ಲದಿದ್ದಾಗ, ಇಂಗಿನ ಡಬ್ಬಿಯನ್ನೂ ತಂದು ತೋರಿಸಿರೆಂದು ನಾನು ಹೇಳುವುದುಂಟು. ಗೋಧಿ ಬೆರೆತ ಇಂಗನ್ನು ಒಗ್ಗರಣೆಗೆ ಹಾಕಿದ ಉಪ್ಪಿನಕಾಯಿಯ ಚೀಟಿಯಲ್ಲಿ 'ಗೋಧಿ ಇದೆ' ಎಂದು ಇರಲೇಬೇಕು. ಇಂಗು ಎಷ್ಟು ಅಲ್ಪವೆಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಈಗ 'ಬಿ.ಪಿ., ಶುಗರ್ ಇದ್ದವರಿಗೂ ಉತ್ತಮ' ಎಂಬ ಮಾತಿಗೆ ಬರೋಣ. ಅದೇ ವಹಿಯನ್ನು ತೆರೆದು ಲೆಕ್ಕ ಹಾಕಿದೆವು. 5 ಕಿಲೋಗೆ 250 ಗ್ರಾಂ ಉಪ್ಪೆಂದರೆ 100 ಗ್ರಾಂ ಚಟ್ನಿಯಲ್ಲಿ 5 ಗ್ರಾಂ. ಉಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 39 ಭಾಗ ಸೋಡಿಯಂ. ಅಂದರೆ 100 ಗ್ರಾಂ ಚಟ್ನಿಯಲ್ಲಿ ಸುಮಾರು 1,950 ಮಿಲಿಗ್ರಾಂ ಸೋಡಿಯಂ ಇದೆ. ಲೇಬಲ್ ನಿಯಮವು ಒಂದು ದಿನಕ್ಕೆ ಆಧಾರವಾಗಿ ಇಟ್ಟುಕೊಂಡಿರುವುದು 2,000 ಮಿಲಿಗ್ರಾಂ. ಎರಡು ಚಮಚ, ಅಂದರೆ ಸುಮಾರು 10 ಗ್ರಾಂ ಚಟ್ನಿ ಬಡಿಸಿಕೊಂಡರೆ ದಿನದ ಪಾಲಿನಲ್ಲಿ ಹತ್ತನೆಯ ಒಂದು ಭಾಗ ಅದರಲ್ಲಿಯೇ ಮುಗಿಯಿತು; ರೊಟ್ಟಿ, ಪಲ್ಯ, ಸಾರುಗಳ ಉಪ್ಪು ಬೇರೆ. ಬೆಲ್ಲವೂ ಇದೆ. ಇದು ರುಚಿಯಾದ ಚಟ್ನಿ, ಮಿತವಾಗಿ ತಿನ್ನಲು ತಕ್ಕುದು. ರಕ್ತದೊತ್ತಡದವರಿಗೆ ಉತ್ತಮವೆಂದು ಹೇಳಲು ಮಾತ್ರ ಯಾವ ಆಧಾರವೂ ಇಲ್ಲ. ಪೋಷಕಾಂಶಗಳ ಕೋಷ್ಟಕದಲ್ಲಿ ಶಕ್ತಿ, ಪ್ರೋಟೀನ್, ಶರ್ಕರಪಿಷ್ಟ, ಸಕ್ಕರೆ, ಕೊಬ್ಬು, ಸೋಡಿಯಂ ಇವುಗಳ ಪ್ರಮಾಣವನ್ನು ನಮೂದಿಸಬೇಕಾಗುತ್ತದೆ. ಉಳಿದವುಗಳನ್ನು ಮಾನ್ಯತೆಯುಳ್ಳ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಸೋಡಿಯಂ ಲೆಕ್ಕವನ್ನು ಮಾತ್ರ ಯಾರಾದರೂ ಮನೆಯಲ್ಲಿಯೇ ಹಾಕಿ ನೋಡಬಹುದು.

ಆಧಾರವಿದ್ದರೂ ಹಾಗೆ ಬರೆಯಲು ಬಾರದು. ಆಹಾರವೊಂದು ರೋಗವನ್ನು ತಡೆಯುತ್ತದೆ, ಗುಣಪಡಿಸುತ್ತದೆ ಎಂಬ ಘೋಷಣೆಯನ್ನು 2018ರ ಜಾಹೀರಾತು ಮತ್ತು ಘೋಷಣೆಗಳ ನಿಯಮಗಳು ನಿಷೇಧಿಸಿವೆ. ವೈದ್ಯರು ಶಿಫಾರಸು ಮಾಡಿದ್ದು ಎಂಬರ್ಥದ ಮಾತಿಗೂ ಅವಕಾಶವಿಲ್ಲ. ನನ್ನ ಹೆಸರನ್ನು ಬೇಡವೆಂದದ್ದು ಸಂಕೋಚದಿಂದಲ್ಲ. ಮಧುಮೇಹಕ್ಕೆ ಮದ್ದೆಂದು ಸಾರುವುದು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಕೈಗೂ ಸಿಗುತ್ತದೆ. ಅದರ ಪಟ್ಟಿಯಲ್ಲಿ ಮಧುಮೇಹವಿದೆ. ನಿಜವಾಗಿ ಔಷಧವನ್ನೇ ತಯಾರಿಸುವುದಾದರೆ ಅದಕ್ಕೆ ಆಯುಷ್ ಔಷಧ ತಯಾರಿಕೆಯ ಪರವಾನಗಿ ಬೇರೆ, ತಯಾರಿಕಾ ಸ್ಥಳದ ನಿಯಮಗಳು ಬೇರೆ. ಚಟ್ನಿಯ ನೋಂದಣಿಯಿಂದ ಔಷಧ ಮಾರಲಾಗದು.

'ಆಯುರ್ವೇದಿಕ್' ಎಂಬ ಪದದ ಬಗ್ಗೆ ಒಂದು ಮಾತು. ನಮ್ಮ ಶಾಸ್ತ್ರದಲ್ಲಿ ಜೀರಿಗೆ ದೀಪನವೆಂದೂ ಇಂಗು ವಾತಾನುಲೋಮನವೆಂದೂ ಹೇಳಿದೆ, ಅದು ಸತ್ಯ. ಅಷ್ಟರಿಂದ ಜೀರಿಗೆ ಬಿದ್ದ ಪುಡಿಯೆಲ್ಲ ಆಯುರ್ವೇದದ ಉತ್ಪನ್ನವಾಗದು. 2022ರಲ್ಲಿ ಬಂದ 'ಆಯುರ್ವೇದ ಆಹಾರ' ನಿಯಮಗಳು ಶಾಸ್ತ್ರಗ್ರಂಥಗಳಲ್ಲಿ ಹೇಳಿದ ವಿಧಾನದಂತೆ ತಯಾರಾದ ಆಹಾರಕ್ಕೆಂದು ಪ್ರತ್ಯೇಕ ವರ್ಗವನ್ನೂ ಲಾಂಛನವನ್ನೂ ಮಾಡಿವೆ. ಆ ವರ್ಗದಲ್ಲಿ ಅನುಮತಿ ಪಡೆಯದೆ ಚಟ್ನಿಗೆ ಆ ಹೆಸರನ್ನು ಅಂಟಿಸಬಾರದು. 'ಶುದ್ಧ' ಎಂಬ ಮಾತನ್ನೂ ನಿಯಮವು ಎಲ್ಲ ಆಹಾರಗಳಿಗೂ ಬಿಟ್ಟುಕೊಡುವುದಿಲ್ಲ. ಏನೂ ಬೆರೆಸದ ಏಕಪದಾರ್ಥಕ್ಕೆ ಅದು ಸಲ್ಲುತ್ತದೆ, ಏಳು ಪದಾರ್ಥ ಬೆರೆತ ಚಟ್ನಿಗಲ್ಲ. ಆ ತಾಯಿಯ ಚೀಟಿಯ ನೆತ್ತಿಯ ಮೇಲೆ ಕೊನೆಗೆ ಉಳಿದದ್ದು 'ಶೇಂಗಾ ಚಟ್ನಿ ಪುಡಿ' ಎಂಬ ಎರಡು ಭಾಷೆಯ ಹೆಸರು ಮಾತ್ರ.

ಉಪ್ಪಿನ ಮಾತು ಬಂದಿದ್ದರಿಂದ ಉಪ್ಪಿನಕಾಯಿಯವರಿಗೂ ಒಂದು ಎಚ್ಚರಿಕೆ. ಬಿ.ಪಿ. ರೋಗಿಗಳಿಗೆಂದು 'ಕಡಿಮೆ ಉಪ್ಪಿನ' ಉಪ್ಪಿನಕಾಯಿ ಹಾಕಿ ಮಾರುವ ಯೋಚನೆ ಕೆಲವರಲ್ಲಿದೆ. ಉಪ್ಪುನೀರಿನಲ್ಲಿ ಹಾಕಿದ ಉಪ್ಪಿನಕಾಯಿಯಲ್ಲಿ ನೂರಕ್ಕೆ 12ಕ್ಕಿಂತ ಕಡಿಮೆ ಉಪ್ಪು ಇರಬಾರದೆಂದು ಗುಣಮಟ್ಟದ ನಿಯಮವೇ ಹೇಳುತ್ತದೆ. ಏಕೆಂದರೆ ಅಲ್ಲಿ ಉಪ್ಪು ರುಚಿಗಿಂತ ಹೆಚ್ಚಾಗಿ ಕಾವಲಿಗೆ ಇರುವುದು. ಕಡಿಮೆಯಾದರೆ ನೊರೆ ಬಂದು, ಹೋಳು ಮೆತ್ತಗಾಗಿ, ಬೂಷ್ಟು ಹಿಡಿಯುತ್ತದೆ. ಇತ್ತ 'ಕಡಿಮೆ ಸೋಡಿಯಂ' ಎಂದು ಬರೆಯಬೇಕಾದರೆ 100 ಗ್ರಾಮಿನಲ್ಲಿ 120 ಮಿಲಿಗ್ರಾಂ ಮೀರಬಾರದು. 12 ಗ್ರಾಂ ಉಪ್ಪಿನಲ್ಲಿ ಇರುವುದು ಸುಮಾರು 4,700 ಮಿಲಿಗ್ರಾಂ. ಎರಡೂ ಒಂದೇ ಜಾಡಿಯಲ್ಲಿ ಕೂಡಲಾರವು. ಬಿ.ಪಿ. ಇರುವವರು ತಟ್ಟೆಯಲ್ಲಿ ಉಪ್ಪಿನಕಾಯಿಯ ಹೋಳನ್ನು ಕಡಿಮೆ ಮಾಡಬೇಕು, ಜಾಡಿಯಲ್ಲಿ ಉಪ್ಪನ್ನಲ್ಲ.

ಚೀಟಿಯ ಮೇಲೆ ಉಳಿದವು ಬೇಗ ಮುಗಿಯುವಂಥವು. ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಆಹಾರ ಪ್ರಾಧಿಕಾರದ ಲಾಂಛನ ಮತ್ತು 14 ಅಂಕಿಗಳ ಸಂಖ್ಯೆ, ತಯಾರಕರ ಪೂರ್ಣ ವಿಳಾಸ. ಬರಿಯ ಮೊಬೈಲ್ ಸಂಖ್ಯೆ ಸಾಲದು. ತೂಕ ಮತ್ತು ಬೆಲೆಗಳು ಕಾನೂನು ಮಾಪನಶಾಸ್ತ್ರ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ತೂಕವೆಂದರೆ ಪೊಟ್ಟಣವನ್ನು ಬಿಟ್ಟು ಒಳಗಿನ ಪದಾರ್ಥದ ತೂಕ. ಇಂಗ್ಲಿಷಿನಲ್ಲಿ ಬರೆಯುವಾಗ ಗ್ರಾಮಿಗೆ ಸಣ್ಣ 'ಜಿ' ಅಕ್ಷರವೊಂದೇ ಸಂಕೇತ, ಮುದ್ರಕರು ರೂಢಿಯಿಂದ ಸೇರಿಸುವ ಉಳಿದ ಅಕ್ಷರಗಳು ತಪ್ಪು. 'ಬೆಲೆ 90' ಎಂಬುದರ ಬದಲು 'ಎಲ್ಲ ತೆರಿಗೆಗಳೂ ಸೇರಿ ಗರಿಷ್ಠ ಮಾರಾಟ ಬೆಲೆ 90 ರೂಪಾಯಿ' ಎಂದಿರಬೇಕು. ಅದರ ಪಕ್ಕದಲ್ಲಿ ಗ್ರಾಮಿಗೆ ಎಷ್ಟಾಯಿತೆಂಬ ದರ. 200 ಗ್ರಾಮಿಗೆ 90 ರೂಪಾಯಿಯಾದರೆ ಗ್ರಾಮಿಗೆ 45 ಪೈಸೆ. ತೂಗುವ ತಕ್ಕಡಿಗೂ ಇಲಾಖೆಯ ಮುದ್ರೆ ಬೇಕು. ಇವುಗಳಲ್ಲಿ ತಪ್ಪು ಕಂಡರೆ ದಂಡವಿದೆ. ಆಹಾರದ ಲೇಬಲ್ ದೋಷಕ್ಕೆ 2006ರ ಕಾಯ್ದೆಯ 52ನೆಯ ಕಲಮು 3 ಲಕ್ಷ ರೂಪಾಯಿಯವರೆಗೂ ದಂಡ ವಿಧಿಸಬಹುದೆನ್ನುತ್ತದೆ.

ದಿನಾಂಕದ ವಿಷಯ ಅಷ್ಟು ಬೇಗ ಮುಗಿಯದು. '3 ತಿಂಗಳೊಳಗೆ ಬಳಸಿ' ಎಂದರೆ ಯಾವ ದಿನದಿಂದ? ಆ ತಾಯಿ ಒಮ್ಮೆ ತಯಾರಿಸಿದ 5 ಕಿಲೋವನ್ನು ದೊಡ್ಡ ಡಬ್ಬಿಯಲ್ಲಿಟ್ಟು, ಬೇಡಿಕೆ ಬಂದಂತೆ ತಿಂಗಳುಗಟ್ಟಲೆ ಪೊಟ್ಟಣ ಕಟ್ಟುತ್ತಿದ್ದರು. ಕೊನೆಯ ಪೊಟ್ಟಣದ ಲೆಕ್ಕ ಅಲ್ಲಿಂದ ಆರಂಭವಾದರೆ ಚಟ್ನಿಗೆ ಆಗಲೇ ಒಂದೂವರೆ ತಿಂಗಳ ವಯಸ್ಸು. ಆದ್ದರಿಂದ ತಯಾರಾದ ದಿನ, ಬಳಕೆಯ ಕೊನೆಯ ದಿನ ಎರಡನ್ನೂ ದಿನ, ತಿಂಗಳು, ವರ್ಷ ಸಹಿತ ಮುದ್ರಿಸಬೇಕು. 3 ತಿಂಗಳೆಂಬುದು ಎಲ್ಲಿಂದ ಬಂದಿತೆಂದು ಕೇಳಿದರೆ, ಎಲ್ಲರೂ ಹಾಗೆ ಹಾಕುತ್ತಾರೆಂದರು. ಅದನ್ನು ಇಟ್ಟು ನೋಡಿಯೇ ನಿರ್ಧರಿಸಬೇಕು. ಒಂದೇ ಸಲ ಮಾಡಿದ ಹನ್ನೆರಡು ಪೊಟ್ಟಣಗಳನ್ನು ಅಂಗಡಿಯ ಕಪಾಟಿನಂಥ ಜಾಗದಲ್ಲಿಟ್ಟು, ವಾರಕ್ಕೊಂದನ್ನು ಬಿಚ್ಚಿ, ಹೊಸದಾಗಿ ಹುರಿದ ಶೇಂಗಾದ ಪಕ್ಕದಲ್ಲಿಟ್ಟು ಮೂಸಿ, ತಿಂದು ನೋಡಬೇಕು. ಹಳೆಯ ಎಣ್ಣೆಯ ಕಮಟು, ನಾಲಗೆಯ ಹಿಂಬದಿಯಲ್ಲಿ ಕಹಿ, ಪುಡಿ ಗಂಟುಕಟ್ಟುವುದು ಇವುಗಳಲ್ಲಿ ಒಂದು ಮೊದಲು ಕಾಣುವ ವಾರಕ್ಕಿಂತ ಸಾಕಷ್ಟು ಮುಂಚಿನ ದಿನವೇ ಕೊನೆಯ ದಿನ. ಅವರದು ಬೇಸಿಗೆಯಲ್ಲಿ ಒಂಬತ್ತನೆಯ ವಾರಕ್ಕೆ ಕಮಟಿತು. ಹಸಿ ಬೆಳ್ಳುಳ್ಳಿಯ ತೇವವೂ ಅದಕ್ಕೆ ಕಾರಣ. ಬೆಳ್ಳುಳ್ಳಿಯನ್ನು ಹುರಿದು ಒಣಗಿಸಿ ಹಾಕುವಂತೆ ತಿಳಿಸಿದೆ. ಈಗ ಅವರು ಬರೆಸುವುದು 45 ದಿನ.

ಒಂದು ದೋಷವನ್ನು ಮಾತ್ರ ಈ ಪರೀಕ್ಷೆ ತೋರಿಸದು. ತೇವದಲ್ಲಿ ಬಿದ್ದ ಶೇಂಗಾಕ್ಕೆ ಹಿಡಿಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಅದು ಯಕೃತ್ತಿಗೆ ಹಾನಿಕರ, ಹುರಿದರೂ ಪೂರ್ತಿ ನಾಶವಾಗದು. ಪುಡಿಯಾದ ಮೇಲೆ ಖಾರ ಬೆಳ್ಳುಳ್ಳಿಗಳ ನಡುವೆ ಕಣ್ಣಿಗೂ ಮೂಗಿಗೂ ತಿಳಿಯದು. ಹುರಿಯುವ ಮುನ್ನವೇ ಮುರುಟಿದ, ಕಪ್ಪಾದ, ಹಸಿರು ಹುಡಿ ಹತ್ತಿದ ಕಾಳುಗಳನ್ನು ಮೊರದಲ್ಲಿ ಆರಿಸಿ ಎಸೆಯಬೇಕು. ಅಗ್ಗಕ್ಕೆ ಸಿಕ್ಕಿತೆಂದು ನುಚ್ಚು ಶೇಂಗಾ ತರಬಾರದು.

ಕೊನೆಯದು ಬ್ಯಾಚ್ ಸಂಖ್ಯೆ. ಇದನ್ನು ಅಲಂಕಾರವೆಂದು ತಿಳಿದು ವರ್ಷವಿಡೀ ಒಂದೇ ಸಂಖ್ಯೆ ಹಾಕುವವರಿದ್ದಾರೆ. ಆ ತಾಯಿ ಈಗ ಪ್ರತಿ 5 ಕಿಲೋಗೆ ಒಂದು ಸಂಖ್ಯೆ ಕೊಡುತ್ತಾರೆ. ಶೇಂಗಾ ಯಾವ ಅಂಗಡಿಯದು, ಯಾವ ದಿನ ಹುರಿದದ್ದು, ಎಷ್ಟು ಪೊಟ್ಟಣ ಯಾರಿಗೆ ಹೋದವು ಎಂಬುದನ್ನು ವಹಿಯಲ್ಲಿ ಅದರ ಮುಂದೆ ಬರೆಯುತ್ತಾರೆ. ಪ್ರತಿ ಬ್ಯಾಚಿನ ಒಂದು ಪೊಟ್ಟಣವನ್ನು ಕೊನೆಯ ದಿನ ಕಳೆಯುವವರೆಗೆ ಮನೆಯಲ್ಲಿ ತೆಗೆದಿಡುತ್ತಾರೆ. ಮಳೆಗಾಲದಲ್ಲಿ ಒಬ್ಬ ಅಂಗಡಿಯವರು ಚಟ್ನಿ ಕಮಟಿದೆಯೆಂದು ದೂರಿದಾಗ, ಅವರು ಆ ಸಂಖ್ಯೆಯ ಪೊಟ್ಟಣವನ್ನು ಬಿಚ್ಚಿ ನೋಡಿದರು. ಅದೂ ಕಮಟಿತ್ತು. ಆ ಬ್ಯಾಚಿನ ಉಳಿದ ಹದಿನಾಲ್ಕು ಪೊಟ್ಟಣಗಳು ಯಾವ ಮೂರು ಅಂಗಡಿಗಳಲ್ಲಿವೆಯೆಂದು ವಹಿ ಹೇಳಿತು; ಸಂಜೆಯೊಳಗೆ ಎಲ್ಲವನ್ನೂ ಹಿಂದಕ್ಕೆ ತರಿಸಿದರು.